ಸರ್ಕಲ್ ಅಂದ್ರೆ ಸರ್ಕಲ್ ತಾನೆ: ಒಂದು ಪವರ್‌ಪ್ಲೇಯ 36 ಎಸೆತಗಳ ಲೆಕ್ಕ

ತುಮಕೂರು ಜಿಲ್ಲೆಯ ಒಂದು ಲೆದರ್ ಬಾಲ್ ಟೂರ್ನಿ. 20 ಓವರ್ ಪಂದ್ಯ. ಅವರು 7 ವಿಕೆಟ್‌ಗೆ 141 ಹೊಡೆದರು. ನಾವು 8 ವಿಕೆಟ್‌ಗೆ 131ರಲ್ಲಿ ನಿಂತೆವು. ಹತ್ತು ರನ್ನಿಂದ ಸೋಲು. ಊರಿಗೆ ವಾಪಸ್ ಬರುವಾಗ ಟೆಂಪೋದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಕೊನೆ ಎರಡು ಓವರ್‌ನಲ್ಲಿ ಹೊಡೆಯಬೇಕಿತ್ತು.

ನಾನು ಆ ತಂಡದ ಮ್ಯಾನೇಜರ್. ಹೆಸರಿಗೆ ಮ್ಯಾನೇಜರ್, ಕೆಲಸ ಮಾತ್ರ ಸ್ಕೋರ್ ಬುಕ್ ಬರೆಯುವುದು, ಕಿಟ್ ಬ್ಯಾಗ್ ಹೊರುವುದು, ಕ್ಯಾತ್ಸಂದ್ರದಲ್ಲಿ ಹನ್ನೊಂದು ಜನಕ್ಕೆ ತಟ್ಟೆ ಇಡ್ಲಿ ದುಡ್ಡು ಕೊಡುವುದು. ಮನೆಗೆ ಬಂದು ರಾತ್ರಿ ಬುಕ್ ತೆಗೆದು ನೋಡಿದೆ. ಮೊದಲ ಆರು ಓವರ್ ಆದ ಮೇಲೆ ಉಳಿದ ಹದಿನಾಲ್ಕು ಓವರ್‌ನಲ್ಲಿ ಅವರು ಹೊಡೆದದ್ದು 97. ನಾವು 104. ಅಂದರೆ ಏಳನೇ ಓವರ್‌ನಿಂದ ಕೊನೇವರೆಗೆ ನಾವೇ ಮುಂದಿದ್ದೆವು. ಪಂದ್ಯ ಹೋಗಿದ್ದು ಪವರ್‌ಪ್ಲೇಯಲ್ಲಿ. ಅವರದ್ದು ಒಂದು ವಿಕೆಟ್‌ಗೆ 44. ನಮ್ಮದು ಮೂರು ವಿಕೆಟ್‌ಗೆ 27.

ಆ 27 ರನ್ ಹೇಗೆ ಬಂತು, ಮೂರು ವಿಕೆಟ್ ಹೇಗೆ ಹೋಯಿತು ಅಂತ ಎಸೆತ ಎಸೆತವಾಗಿ ಕೂತು ನೋಡಿದ್ದೇ ಈ ಬರಹ.

ನಿಯಮ ಎಷ್ಟು ಬೇಕೋ ಅಷ್ಟು

20 ಓವರ್ ಆಟದಲ್ಲಿ ಮೊದಲ ಆರು ಓವರ್ 30 ಗಜದ ಸರ್ಕಲ್‌ನಿಂದ ಆಚೆ ಇಬ್ಬರೇ ಫೀಲ್ಡರ್ ಇರಬಹುದು. ಆಮೇಲೆ ಐದು ಜನ. ಬೌಲರ್, ಕೀಪರ್ ಬಿಟ್ಟರೆ ಫೀಲ್ಡರ್‌ಗಳು ಒಂಬತ್ತು. ಅಂದರೆ ಪವರ್‌ಪ್ಲೇಯಲ್ಲಿ ಏಳು ಜನ ಒಳಗೆ, ಇಬ್ಬರು ಹೊರಗೆ. ಏಳನೇ ಓವರ್‌ನಿಂದ ನಾಲ್ಕು ಜನ ಒಳಗೆ, ಐದು ಜನ ಹೊರಗೆ ಹೋಗಬಹುದು. ಬೌಲರ್ ಬಾಲ್ ಬಿಡುವ ಕ್ಷಣದಲ್ಲಿ ಮೂರನೆಯವನ ಕಾಲು ಆಚೆ ಇದ್ದರೆ ಸ್ಕ್ವೇರ್ ಲೆಗ್ ಅಂಪೈರ್ ನೋ ಬಾಲ್ ಕೊಡುತ್ತಾರೆ. ಅದಕ್ಕೆ ಫ್ರೀ ಹಿಟ್ ಕೂಡ ಇದೆ.

50 ಓವರ್ ಆಟದಲ್ಲಿ ಇದೇ ಲೆಕ್ಕ ಮೂರು ತುಂಡಾಗುತ್ತದೆ. ಮೊದಲ ಹತ್ತು ಓವರ್ ಇಬ್ಬರು, ಹನ್ನೊಂದರಿಂದ ನಲವತ್ತರವರೆಗೆ ನಾಲ್ವರು, ಕೊನೆ ಹತ್ತು ಓವರ್ ಐವರು. 2015ರಿಂದ ಹೀಗಿದೆ. ಈ ತುಂಡು ಬದಲಾದಾಗ ಬ್ಯಾಟಿಂಗ್ ಹೇಗೆ ಬದಲಾಗುತ್ತದೆ ಅಂತ ನೋಡಬೇಕಾದರೆ 2023ರ ವಿಶ್ವಕಪ್ ಫೈನಲ್ ನೆನಪಿಸಿಕೊಳ್ಳಿ. ನೆನಪಿಸಿಕೊಳ್ಳಲು ಯಾರಿಗೂ ಇಷ್ಟವಿಲ್ಲ, ಗೊತ್ತು. ಹತ್ತು ಓವರ್‌ಗೆ ಭಾರತ 2 ವಿಕೆಟ್‌ಗೆ 80. ಆಮೇಲಿನ ನಲವತ್ತು ಓವರ್‌ನಲ್ಲಿ ಬಂದಿದ್ದು 160. ನಮ್ಮ ಕೆ. ಎಲ್. ರಾಹುಲ್ 107 ಎಸೆತ ಆಡಿ 66 ಹೊಡೆದರು, ಅದರಲ್ಲಿ ಬೌಂಡರಿ ಒಂದೇ. ಪಿಚ್ ನಿಧಾನ ಇತ್ತು, ಮೂರು ವಿಕೆಟ್ ಬೇಗ ಹೋಗಿತ್ತು, ಎಲ್ಲಾ ನಿಜ. ಆದರೆ ಹೊರಗಿನ ಇಬ್ಬರು ನಾಲ್ವರಾದ ತಕ್ಷಣ, ರೋಹಿತ್ ಶರ್ಮಾಗೆ ಬೌಂಡರಿ ಕೊಟ್ಟಂಥ ಹೊಡೆತಗಳಿಗೆ ಒಂದೊಂದು ರನ್ ಮಾತ್ರ ಸಿಗತೊಡಗಿತು.

ನಮ್ಮ ಮ್ಯಾಚಿಗೆ ವಾಪಸ್ ಬರೋಣ. ಅಲ್ಲಿ ಕಾಮೆಂಟರಿ ಇರಲಿಲ್ಲ, ಎದುರಿಗೆ ತೆಂಗಿನ ತೋಟ ಇತ್ತು.

36 ಎಸೆತ

ಮೈದಾನ ಕುಣಿಗಲ್ ರಸ್ತೆ ಕಡೆ. ಪಿಚ್ ಮೇಲೆ ನಾರಿನ ಮ್ಯಾಟ್. ಮ್ಯಾಟ್ ಮೇಲೆ ಬಾಲ್ ಸ್ವಲ್ಪ ಜಾಸ್ತಿ ಏಳುತ್ತದೆ, ಸ್ಪಿನ್ನರ್‌ಗೆ ಹಿಡಿಯುತ್ತದೆ. ಔಟ್‌ಫೀಲ್ಡ್ ಅರ್ಧ ಕೆಂಪು ಮಣ್ಣು, ಅರ್ಧ ಗರಿಕೆ. ನೆಲದ ಮೇಲೆ ಹೊಡೆದ ಬಾಲ್ ಓಡುವುದಿಲ್ಲ, ನಡೆಯುತ್ತದೆ. ಒಂದು ತುದಿಯಲ್ಲಿ ಆಡುವ ಬಲಗೈ ಆಟಗಾರನಿಗೆ ಮಿಡ್‌ವಿಕೆಟ್ ಕಡೆ ಬೌಂಡರಿ ಚಿಕ್ಕದು, ಏಕೆಂದರೆ ಆ ಕಡೆ ರಸ್ತೆ.

ಚೇಸಿಂಗ್‌ಗೆ ನಾವು ಒಬ್ಬ ಬಲಗೈ, ಒಬ್ಬ ಎಡಗೈ ಓಪನರ್ ಕಳಿಸಿದೆವು. ಬಲಗೈಯವನು ನಮ್ಮ ದೊಡ್ಡ ಹೊಡೆತದವನು. ಎಡಗೈಯವನು ಇನ್ನೂ ಪಿಯುಸಿ ಹುಡುಗ.

ಅವರ ನಾಯಕ ಹೊರಗಿನ ಇಬ್ಬರನ್ನು ನಿಲ್ಲಿಸಿದ್ದು ಎಲ್ಲಿ ಗೊತ್ತಾ? ಒಬ್ಬ ರಸ್ತೆ ಕಡೆ, ಡೀಪ್ ಮಿಡ್‌ವಿಕೆಟ್. ಇನ್ನೊಬ್ಬ ಡೀಪ್ ಥರ್ಡ್ ಮ್ಯಾನ್. ಮೊದಲನೆಯವನು ಚಿಕ್ಕ ಬೌಂಡರಿ ಕಾಯುವವನು. ಎರಡನೆಯವನು ಮ್ಯಾಟ್ ಮೇಲೆ ಎದ್ದ ಬಾಲ್ ಅಂಚಿಗೆ ತಗುಲಿ ಹಾರಿದರೆ ಹಿಡಿಯುವವನು. ಉಳಿದ ಏಳು ಜನ ಸರ್ಕಲ್ ಒಳಗೆ, ಅಂದರೆ ರಿಂಗ್‌ನಲ್ಲಿ. ನೇರಕ್ಕೆ, ಮಿಡ್ ಆಫ್ ಮಿಡ್ ಆನ್ ಹಿಂದೆ, ಒಬ್ಬರೂ ಇಲ್ಲ.

ಮೊದಲ ಓವರ್ ಮೀಡಿಯಂ ಪೇಸ್. ನಾಲ್ಕು ರನ್. ಎರಡನೇ ಓವರ್‌ಗೆ ಆಫ್ ಸ್ಪಿನ್ನರ್ ಬಂದ. ಬಲಗೈಯವನಿಗೆ ಬಾಲ್ ಒಳಗೆ ತಿರುಗುತ್ತದೆ, ತಿರುಗಿದ ಕಡೆಗೇ ರಸ್ತೆ, ರಸ್ತೆ ಹತ್ತಿರ. ಎಂಥವನಿಗೂ ಕೈ ಕಡಿಯುತ್ತದೆ. ಒಂದು ಬಾಲ್ ತಡೆದ. ಮುಂದಿನದನ್ನು ಎತ್ತಿದ. ಡೀಪ್ ಮಿಡ್‌ವಿಕೆಟ್ ಕೈಗೆ ಸೀದಾ ಕ್ಯಾಚ್. ಆ ಓವರ್‌ನಲ್ಲಿ ಮೂರು ಸಿಂಗಲ್. 1 ವಿಕೆಟ್‌ಗೆ 7.

ಮೂರನೇ ಓವರ್ ಪೂರ್ತಿ ಎಡಗೈ ಹುಡುಗ ಆಡಿದ. ಇಲ್ಲಿ ಅವರ ನಾಯಕ ಸ್ವಲ್ಪ ಮೈಮರೆತ. ಬಲಗೈಗೆ ನಿಲ್ಲಿಸಿದ್ದ ಹೊರಗಿನ ಇಬ್ಬರನ್ನೂ ಅಲ್ಲೇ ಬಿಟ್ಟ. ಬಲಗೈಗೆ ಡೀಪ್ ಮಿಡ್‌ವಿಕೆಟ್ ಆದ ಜಾಗ ಎಡಗೈಗೆ ಆಫ್ ಸೈಡಿನ ಡೀಪ್ ಎಕ್ಸ್‌ಟ್ರಾ ಕವರ್. ಥರ್ಡ್ ಮ್ಯಾನ್ ಇದ್ದ ಜಾಗ ಲೆಗ್ ಸೈಡಿನ ಫೈನ್ ಲೆಗ್. ಎಡಗೈ ಹುಡುಗನ ಪಾಯಿಂಟ್ ಕಡೆ ರಿಂಗ್‌ನಿಂದ ಆಚೆ ನರಪಿಳ್ಳೆ ಇಲ್ಲ. ಮೊದಲ ಬಾಲ್ ಎದೆ ಎತ್ತರಕ್ಕೆ ಎದ್ದು ಬಂತು. ಹುಡುಗ ಬ್ಯಾಟ್ ಸುಮ್ನೆ ಅಡಿಗೆ ಕೊಟ್ಟ, ಪಾಯಿಂಟ್ ತಲೆ ಮೇಲೆ. ಬಾಲ್ ರಿಂಗ್‌ನಿಂದ ಹತ್ತು ಹೆಜ್ಜೆ ಆಚೆ ಬಿದ್ದು, ಗರಿಕೆಯಲ್ಲಿ ಕುಂಟುತ್ತಾ ಬೌಂಡರಿ ಮುಟ್ಟಿತು. ಐದನೇ ಬಾಲ್‌ಗೆ ಹಾಗೇ ಮತ್ತೊಂದು ನಾಲ್ಕು. ಕೊನೆಗೆ ಒಂದು ಸಿಂಗಲ್. ಒಟ್ಟು 9. ಆರು ಓವರ್‌ನಲ್ಲಿ ನಮಗೆ ಸಿಕ್ಕಿದ್ದು ಆ ಎರಡೇ ಬೌಂಡರಿ.

ನಾಲ್ಕನೇ ಓವರ್‌ಗೆ ನಾಯಕ ಎಚ್ಚರವಾದ. ಮಿಡ್‌ವಿಕೆಟ್‌ನವನನ್ನು ಕರೆಸಿ ಎಡಗೈಗೆ ಡೀಪ್ ಪಾಯಿಂಟ್ ನಿಲ್ಲಿಸಿದ. ರಿಂಗ್ ಪಾಯಿಂಟ್ ಅಲ್ಲೇ ಉಳಿದ. ಆಫ್ ಸ್ಪಿನ್ನರ್ ಬಾಲ್ ಈಗ ಹುಡುಗನಿಂದ ಆಚೆ ತಿರುಗುತ್ತಿದೆ. ಮೊದಲ ಬಾಲ್‌ಗೆ ಎರಡು ರನ್. ಆಮೇಲೆ ಮೂರು ಡಾಟ್. ನಮ್ಮ ಡೇರೆಯಿಂದ ಯಾರೋ ಕೂಗಿದರು, “ಪವರ್‌ಪ್ಲೇ ಕಣೋ, ಹೊಡಿಯೋ!” ಹುಡುಗ ಹೊಡೆದ, ರಿಂಗ್ ಪಾಯಿಂಟ್ ಕೈಗೆ. ಆ ಓವರ್‌ನಲ್ಲಿ ಎರಡೇ ರನ್. 2 ವಿಕೆಟ್‌ಗೆ 18. ಕೂಗಿದವರು ಯಾರು ಅಂತ ಬರೆಯುವುದಿಲ್ಲ. ಸ್ಕೋರ್ ಬುಕ್ ಅವರ ಕೈಯಲ್ಲೇ ಇತ್ತು.

ಈಗ ಕ್ರೀಸ್‌ನಲ್ಲಿ ಇಬ್ಬರೂ ಬಲಗೈ. ಇದು ಆಗ ನಮಗೆ ಹೊಳೆಯಲಿಲ್ಲ. ಒಬ್ಬ ಬಲಗೈ, ಒಬ್ಬ ಎಡಗೈ ಇದ್ದರೆ ಪ್ರತಿ ಸಿಂಗಲ್‌ಗೂ ಹೊರಗಿನ ಇಬ್ಬರು ಮೈದಾನ ದಾಟಿ ಓಡಬೇಕು. ಐದು ಜನ ಹೊರಗಿದ್ದಾಗ ಇದು ದೊಡ್ಡ ಕಷ್ಟವಲ್ಲ, ಅಲ್ಲಲ್ಲಿ ಒಬ್ಬ ಇದ್ದೇ ಇರುತ್ತಾನೆ. ಇಬ್ಬರೇ ಇದ್ದಾಗ ಒಂದು ಸಲ ತಪ್ಪಿದರೂ ಅರ್ಧ ಮೈದಾನ ಖಾಲಿ. ಮೂರನೇ ಓವರ್‌ನಲ್ಲಿ ಆಗಿದ್ದು ಅದೇ. ಆ ಅನುಕೂಲ ಹುಡುಗನ ಜೊತೆಗೇ ಡೇರೆಗೆ ಬಂತು.

ಐದನೇ ಓವರ್ 5 ರನ್. ಆರನೇ ಓವರ್‌ನಲ್ಲಿ 4 ರನ್, ಕೊನೆ ಬಾಲ್‌ಗೆ ವಿಕೆಟ್. ಪವರ್‌ಪ್ಲೇ ಮುಗಿಯುತ್ತಿದೆ, ಇದೊಂದು ಬಾಲ್ ಎತ್ತೋಣ ಅಂತ ಮೂರನೇ ಕ್ರಮಾಂಕದವನು ಬೀಸಿದ. ಅಂಚಿಗೆ ತಗುಲಿ ಡೀಪ್ ಥರ್ಡ್ ಮ್ಯಾನ್ ಕೈಗೆ.

ಮೂರು ವಿಕೆಟ್‌ನಲ್ಲಿ ಎರಡು ಕ್ಯಾಚ್ ಹಿಡಿದವರು ಹೊರಗಿದ್ದ ಆ ಇಬ್ಬರು. ಇಡೀ ಔಟ್‌ಫೀಲ್ಡ್‌ನಲ್ಲಿ ಇಬ್ಬರೇ ಇದ್ದರು, ನಾವು ಇಬ್ಬರಿಗೂ ಒಂದೊಂದು ಹುಡುಕಿ ಕೊಟ್ಟೆವು.

ಡಾಟ್ ಬಾಲ್‌ಗಳು ಹೇಗೆ ಆದವು

36 ಎಸೆತದಲ್ಲಿ 11 ಸಿಂಗಲ್, ನಾಲ್ಕು ಸಲ ಎರಡು ರನ್, ಎರಡು ಬೌಂಡರಿ. ಉಳಿದ 19 ಡಾಟ್. ಒಂದೂ ವೈಡ್ ಇಲ್ಲ, ಅದು ಅವರ ಬೌಲರ್‌ಗಳ ಶಿಸ್ತು. 19ರಲ್ಲಿ ಮೂರು ವಿಕೆಟ್ ಕಳೆದರೆ 16. ನಾನು ಬುಕ್‌ನಲ್ಲಿ ಡಾಟ್ ಪಕ್ಕ ಸಣ್ಣಗೆ ಗುರುತು ಹಾಕುತ್ತೇನೆ: ಬೀಟ್ ಆದರೆ ಒಂದು ಗುರುತು, ಬಿಟ್ಟರೆ ಒಂದು, ಫೀಲ್ಡರ್ ಕೈಗೆ ಹೋದರೆ ಒಂದು. 16ರಲ್ಲಿ ಒಂಬತ್ತು ಫೀಲ್ಡರ್ ಕೈಗೆ ಹೋದವು. ಚೆನ್ನಾಗಿ ತಾಗಿದ ಹೊಡೆತಗಳು, ಗಟ್ಟಿಯಾಗಿ, ಸೀದಾ ರಿಂಗ್‌ನವನ ಕೈಗೆ.

ಇದು ಪವರ್‌ಪ್ಲೇಯಲ್ಲಿ ಮಾತ್ರ ಬರುವ ತೊಂದರೆ. ಒಳಗೆ ಏಳು ಜನ ಇದ್ದಾರೆ. ಗಟ್ಟಿಯಾಗಿ ಹೊಡೆದ ಬಾಲ್ ಅವರ ಮಧ್ಯೆ ತೂರಿದರೆ ಬೌಂಡರಿ, ಕೈಗೆ ಹೋದರೆ ಡಾಟ್. ನಡುವೆ ಏನೂ ಇಲ್ಲ. ಅದೇ ಹೊಡೆತ ಏಳನೇ ಓವರ್ ಮೇಲೆ ಆಡಿದರೆ ಲಾಂಗ್ ಆನ್‌ಗೆ ಹೋಗಿ ಸುಲಭವಾಗಿ ಒಂದು ರನ್ ಬರುತ್ತದೆ. ಆ ಮೈದಾನದ ಔಟ್‌ಫೀಲ್ಡ್ ನಿಧಾನ, ಅಂದರೆ ತೂರಿದರೂ ನಾಲ್ಕಾಗುವುದಿಲ್ಲ, ಎರಡು ಸಿಕ್ಕರೆ ಪುಣ್ಯ. ಆ ನಾಲ್ಕು ಎರಡು ರನ್‌ಗಳೂ ಹಾಗೆ ಬಂದವೇ.

ಹಾಗಾದರೆ ಏನು ಮಾಡಬೇಕಿತ್ತು? ಎರಡು ದಾರಿ. ಒಂದು, ಮೆತ್ತಗೆ ಆಡುವುದು. ರಿಂಗ್‌ನವರು ಬೌಂಡರಿ ತಡೆಯಲು ಗೆರೆ ಅಂಚಿಗೆ ನಿಂತಿರುತ್ತಾರೆ. ಬ್ಯಾಟ್ ಹಿಡಿತ ಸಡಿಲ ಬಿಟ್ಟು ಬಾಲ್ ಕಾಲ ಬಳಿ ಬೀಳಿಸಿ ಓಡಿದರೆ ಒಂದು ಬರುತ್ತದೆ. ನಾಲ್ಕು ಸಲ ಹಾಗೆ ಓಡಿದರೆ ನಾಯಕ ಕವರ್, ಪಾಯಿಂಟ್, ಮಿಡ್‌ವಿಕೆಟ್‌ನವರನ್ನು ಐದಾರು ಹೆಜ್ಜೆ ಒಳಗೆ ಕರೆಯುತ್ತಾನೆ. ಆಗ ಎರಡನೇ ದಾರಿ ತೆರೆಯುತ್ತದೆ. ಅವರ ತಲೆ ಮೇಲೆ ಚಿಪ್ ಮಾಡುವುದು. ಬೌಂಡರಿ ದಾಟಿಸುವ ಹೊಡೆತವಲ್ಲ, ರಿಂಗ್ ದಾಟಿಸುವ ಹೊಡೆತ. ಹಿಂದೆ ಯಾರೂ ಇಲ್ಲದ ಕಡೆ ಬಾಲ್ ಬಿದ್ದರೆ ಸಾಕು, ಅದು ಕುಂಟುತ್ತಾ ಹೋದರೂ ಕೊನೆ ಮುಟ್ಟುತ್ತದೆ.

ನಮ್ಮ ಎಡಗೈ ಹುಡುಗ ಎರಡು ಬೌಂಡರಿ ಹೊಡೆದದ್ದು ಇಂಥ ಹೊಡೆತದಲ್ಲಿ. ಔಟಾದ ಮೂವರಲ್ಲಿ ಇಬ್ಬರು ಸಿಕ್ಸ್‌ಗೆ ಹೋಗಿದ್ದರು. ಪವರ್‌ಪ್ಲೇ ಅಂದರೆ ಸಿಕ್ಸ್ ಅನ್ನುವುದು ಟಿವಿ ನೋಡಿ ಬಂದ ಅಭ್ಯಾಸ. ಟಿವಿಯಲ್ಲಿ ಆಡುವವರಿಗೆ ಹೊರಗಿನ ಇಬ್ಬರ ತಲೆ ಮೇಲೂ ಹೊಡೆಯುವ ಶಕ್ತಿ ಇದೆ. 2024ರಲ್ಲಿ ಹೈದರಾಬಾದ್ ತಂಡ ದೆಹಲಿಯಲ್ಲಿ ಪವರ್‌ಪ್ಲೇಯಲ್ಲೇ ವಿಕೆಟ್ ಇಲ್ಲದೆ 125 ಬಾರಿಸಿತಲ್ಲ, ಅಂಥ ದಿನ ಫೀಲ್ಡರ್ ಎಲ್ಲಿದ್ದರೇನು. ಮ್ಯಾಟ್ ಮೇಲೆ ಎದ್ದು ಬರುವ ಬಾಲ್, ಸಂಜೆ ನಾಲ್ಕಕ್ಕೆ ಅಂಗಡಿ ಬಾಗಿಲು ತೆಗೆಯಬೇಕಾದ ಹುಡುಗರು, ಇಲ್ಲಿ ಆ ಲೆಕ್ಕ ನಡೆಯುವುದಿಲ್ಲ.

ಆದರೆ ಇದಕ್ಕೆ ಎದುರು ಮಾತೂ ಇದೆ. ಜಾಸ್ತಿ ಜೋಪಾನ ಮಾಡಿದರೂ ಸೋಲೇ. 2022ರ ಟಿ20 ವಿಶ್ವಕಪ್ ಸೆಮಿಫೈನಲ್, ಅಡಿಲೇಡ್. ಭಾರತ ಪವರ್‌ಪ್ಲೇಯಲ್ಲಿ 1 ವಿಕೆಟ್‌ಗೆ 38. ವಿಕೆಟ್ ಉಳಿದಿತ್ತು, ಕೊನೆಗೆ ಹಾರ್ದಿಕ್ ಪಾಂಡ್ಯ ಹೊಡೆದು 168 ಆಯಿತು. ಇಂಗ್ಲೆಂಡ್ ಅದೇ ಆರು ಓವರ್‌ನಲ್ಲಿ ವಿಕೆಟ್ ಇಲ್ಲದೆ 63 ಹೊಡೆದು, 16 ಓವರ್‌ನಲ್ಲಿ ಹತ್ತು ವಿಕೆಟ್‌ನಿಂದ ಗೆದ್ದಿತು. ಹಾಗಾಗಿ ‘ವಿಕೆಟ್ ಉಳಿಸಿಕೊಳ್ಳಿ, ಕೊನೆಗೆ ನೋಡೋಣ’ ಅಂತ ನಾನು ಹುಡುಗರಿಗೆ ಹೇಳುವುದಿಲ್ಲ. ಹೊರಗೆ ಇಬ್ಬರೇ ಇರುವ 36 ಎಸೆತ ಮತ್ತೆ ಬರುವುದಿಲ್ಲ. ನಾನು ಕೇಳುವುದು ಒಂದೇ. ಆ ಇಬ್ಬರು ಎಲ್ಲಿದ್ದಾರೆ, ನೀನು ಎಲ್ಲಿಗೆ ಹೊಡೆದೆ?

ಅವರು ಎಲ್ಲಿಗೆ ಹೊಡೆದರು

ಈ ಪ್ರಶ್ನೆಯನ್ನೇ ಹಿಡಿದು ಅವರ ಇನಿಂಗ್ಸ್ ತಿರುಗಿಸಿ ನೋಡಿದೆ. ಪವರ್‌ಪ್ಲೇಯಲ್ಲಿ ಅವರಿಗೆ ಐದು ಬೌಂಡರಿ. ಮೂರು ನೇರಕ್ಕೆ, ಮಿಡ್ ಆಫ್ ಅಥವಾ ಮಿಡ್ ಆನ್ ತಲೆ ಮೇಲೆ. ಮೂರನೆಯದು ಹೋದಾಗ ನಮ್ಮ ನಾಯಕ ರೇಗಿ, ಥರ್ಡ್ ಮ್ಯಾನ್‌ನಿಂದ ಒಬ್ಬನನ್ನು ಎತ್ತಿ ಲಾಂಗ್ ಆಫ್‌ಗೆ ಹಾಕಿದ. ಮುಂದಿನ ಬಾಲ್ ಅಂಚಿಗೆ ತಗುಲಿ, ಖಾಲಿಯಾದ ಥರ್ಡ್ ಮ್ಯಾನ್ ಜಾಗದಲ್ಲಿ ಬೌಂಡರಿ. ಇಬ್ಬರು, ಮೂರು ತೂತು. ಪವರ್‌ಪ್ಲೇಯಲ್ಲಿ ಫೀಲ್ಡಿಂಗ್ ನಾಯಕನ ಪಾಡು ಅದೇ.

ನನಗೆ ವಿಚಿತ್ರ ಅನಿಸಿದ್ದು ಬೇರೆ. ಅವರ ಆ ಓಪನರ್ ಅಂಥ ದೊಡ್ಡ ಹೊಡೆತಗಾರನಲ್ಲ. ಅವನು ನೇರಕ್ಕೆ ಎತ್ತಿದ ಬಾಲ್‌ಗಳು ದೂರ ಹೋಗುತ್ತಲೂ ಇರಲಿಲ್ಲ. ಆದರೂ ನಮ್ಮ ಮಿಡ್ ಆಫ್ ತಲೆ ಮೇಲೆ ಸಲೀಸಾಗಿ ಹೋಗುತ್ತಿತ್ತು. ಮಿಡ್ ಆಫ್ ಯಾಕೆ ಅಷ್ಟು ಮುಂದೆ ನಿಂತಿದ್ದ?

ಮಿಡ್ ಆಫ್ ನಮ್ಮ ವೈಸ್ ಕ್ಯಾಪ್ಟನ್. ಫೋನ್ ಮಾಡಿ ಕೇಳಿದೆ.

“ಅಣ್ಣ, ನಾನು ಗೆರೆ ಮೇಲೇ ನಿಂತಿದ್ದೆ. ಹಿಂದಕ್ಕೆ ಹೋದ್ರೆ ಅಂಪೈರ್ ನೋ ಬಾಲ್ ಕೊಡ್ತಿದ್ರು.”

ಭಾನುವಾರ ಅಳತೆ ಟೇಪ್ ಹಿಡಿದು ಆ ಮೈದಾನಕ್ಕೆ ಹೋದೆ. ಸುಣ್ಣದ ಚುಕ್ಕಿಗಳು ಇನ್ನೂ ಕಾಣುತ್ತಿದ್ದವು. ಬೌಲರ್ ಕಡೆಯ ಸ್ಟಂಪ್ ಜಾಗದಿಂದ ನೇರ ಹಿಂದಕ್ಕೆ ಟೇಪ್ ಎಳೆದೆ. 30 ಗಜ ಇರಬೇಕಿತ್ತು. ಇದ್ದದ್ದು 19.

30 ಗಜದ ಸರ್ಕಲ್ ಅಂತ ನಾವು ಕರೆಯುವುದು ನಿಜವಾಗಿ ಸರ್ಕಲ್ ಅಲ್ಲ. ಎರಡೂ ಕಡೆಯ ಮಿಡ್ಲ್ ಸ್ಟಂಪ್‌ನಿಂದ 30 ಗಜದ ಅರ್ಧ ವೃತ್ತ ಒಂದೊಂದು ಎಳೆದು, ಎರಡನ್ನೂ ಪಿಚ್‌ಗೆ ಸಮಾನಾಂತರವಾದ ನೇರ ಗೆರೆಗಳಿಂದ ಸೇರಿಸಬೇಕು. ಕ್ಯಾಪ್ಸೂಲ್ ಮಾತ್ರೆ ಇರುತ್ತದಲ್ಲ, ಆ ಆಕಾರ. ಅಗಲ 60 ಗಜ. ಸ್ಟಂಪ್‌ನಿಂದ ಸ್ಟಂಪ್‌ಗೆ 22 ಗಜ ಸೇರಿ ಉದ್ದ 82 ಗಜ. ಈ ಮೈದಾನದಲ್ಲಿ ಪಿಚ್‌ನ ನಟ್ಟನಡುವೆ ಗೂಟ ಹೊಡೆದು, 30 ಗಜದ ಹಗ್ಗ ಕಟ್ಟಿ, ಒಂದು ಸುತ್ತು ಬಂದಿದ್ದರು. ಉದ್ದವೂ 60, ಅಗಲವೂ 60. ನಡುವಿನಿಂದ ಸ್ಟಂಪ್‌ಗೆ 11 ಗಜ. 30ರಲ್ಲಿ 11 ಕಳೆದರೆ 19.

ಮೈದಾನ ನೋಡಿಕೊಳ್ಳುವ ತಾತ ಅಲ್ಲೇ ಬೇವಿನ ಮರದ ಕೆಳಗೆ ಬೀಡಿ ಸೇದುತ್ತಿದ್ದ. ಕೇಳಿದೆ.

“ಸರ್ಕಲ್ ಹಾಕು ಅಂದ್ರು, ಹಾಕ್ದೆ. ಸರ್ಕಲ್ ಅಂದ್ರೆ ಸರ್ಕಲ್ ತಾನೆ ಸ್ವಾಮಿ?”

ಅವನ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ.

ಈ ತಪ್ಪಿನಿಂದ ಆಟ ಎಷ್ಟು ಬದಲಾಗುತ್ತದೆ ನೋಡಿ. ಬ್ಯಾಟ್ಸ್‌ಮನ್‌ನಿಂದ ನೇರವಾಗಿ ಬೌಲರ್ ತಲೆ ಮೇಲೆ ರಿಂಗ್ ಅಂಚು ಇರಬೇಕಾದ್ದು 22 ಮತ್ತು 30, ಒಟ್ಟು 52 ಗಜದಲ್ಲಿ. ಇಲ್ಲಿ 41. ಮಿಡ್ ಆಫ್ ಸ್ವಲ್ಪ ಪಕ್ಕಕ್ಕೆ ನಿಲ್ಲುತ್ತಾನೆ, ಅಲ್ಲಿ ಸರಿಯಾದ ರಿಂಗ್ ಸುಮಾರು 50 ಗಜ, ಇಲ್ಲಿ ಸುಮಾರು 40. ಆದರೆ ಪಾಯಿಂಟ್, ಸ್ಕ್ವೇರ್ ಲೆಗ್ ಕಡೆ ವ್ಯತ್ಯಾಸ ಇಲ್ಲವೇ ಇಲ್ಲ ಅನ್ನಬಹುದು: 30 ಗಜದ ಬದಲು 28. ಕವರ್‌ನಲ್ಲಿ ಅದಕ್ಕೂ ಕಡಿಮೆ. ಅಂದರೆ ಪಕ್ಕಕ್ಕೆ ಎಲ್ಲಾ ಸರಿ ಇದೆ, ನೇರಕ್ಕೆ ಮಾತ್ರ ಬ್ಯಾಟ್ಸ್‌ಮನ್‌ಗೆ ಹತ್ತು ಗಜ ಉಡುಗೊರೆ. 45 ಗಜ ಹೋಗುವ ಮೆತ್ತನೆ ಚಿಪ್ ಸರಿಯಾದ ಮೈದಾನದಲ್ಲಿ ಮಿಡ್ ಆಫ್ ಕೈಗೆ ಸುಲಭ ಕ್ಯಾಚ್. ಇಲ್ಲಿ ಅವನ ತಲೆ ಮೇಲೆ ಹೋಗಿ ಖಾಲಿ ಜಾಗದಲ್ಲಿ ಬೀಳುತ್ತದೆ.

ಅವರ ಹೋಮ್ ಗ್ರೌಂಡ್. ಟೇಪ್ ಹಿಡಿದು ಗೊತ್ತಿತ್ತೋ, ಆಡಿ ಆಡಿ ಗೊತ್ತಾಗಿತ್ತೋ, ಅವರಿಗಂತೂ ಗೊತ್ತಿತ್ತು. ಬೌಲಿಂಗ್ ಮಾಡುವಾಗ ಅವರ ಮೀಡಿಯಂ ಪೇಸರ್‌ಗಳು ಆರು ಓವರ್‌ನಲ್ಲಿ ಮುಂದೆ ಬಾಲ್ ಹಾಕಲೇ ಇಲ್ಲ. ಎಲ್ಲಾ ಸ್ವಲ್ಪ ಹಿಂದಕ್ಕೆ, ಮ್ಯಾಟ್‌ನಿಂದ ಏಳುವ ಹಾಗೆ. ಅಂಥ ಬಾಲ್ ನೇರಕ್ಕೆ ಹೊಡೆಯಲು ಬರುವುದಿಲ್ಲ, ಪಕ್ಕಕ್ಕೇ ಹೊಡೆಯಬೇಕು. ಪಕ್ಕದಲ್ಲೇ ಹೊರಗಿನ ಇಬ್ಬರನ್ನು ನಿಲ್ಲಿಸಿದ್ದರು. ನಾವು ಬೌಲಿಂಗ್ ಮಾಡಿದಾಗ ಲೈನ್ ಅಂಡ್ ಲೆಂತ್ ಅಂತ ಮುಂದೆ ಹಾಕಿದೆವು. ಅವರು ನೇರಕ್ಕೆ ಎತ್ತಿದರು.

ದೂರು ಕೊಡಬಹುದಿತ್ತು. ಎರಡೂ ತಂಡಕ್ಕೆ ಒಂದೇ ರಿಂಗ್, ಟಾಸ್‌ಗೆ ಮುಂಚೆ ನಾವೂ ನೋಡಬಹುದಿತ್ತು. ಟೇಪ್ ಇಲ್ಲದಿದ್ದರೂ ಕಂಡುಹಿಡಿಯಬಹುದು. ಬೌಲರ್ ಸ್ಟಂಪ್‌ನಿಂದ ಹಿಂದಕ್ಕೆ ಉದ್ದ ಹೆಜ್ಜೆ ಹಾಕಿ ಎಣಿಸಿದರೆ ಇಪ್ಪತ್ತಕ್ಕೇ ಗೆರೆ ಬಂದರೆ ಅದು ದುಂಡನೆ ಸರ್ಕಲ್. ಪಾಯಿಂಟ್ ಕಡೆ ನಿಂತು ಚುಕ್ಕಿಗಳನ್ನು ನೋಡಿದರೂ ಸಾಕು. ಸರಿಯಾದ ರಿಂಗ್‌ನಲ್ಲಿ ಅಲ್ಲಿ 22 ಗಜ ಚುಕ್ಕಿಗಳು ಒಂದೇ ಸಾಲಿನಲ್ಲಿರುತ್ತವೆ. ತಪ್ಪಾದದ್ದರಲ್ಲಿ ಎಲ್ಲಾ ಕಡೆ ಬಾಗಿರುತ್ತದೆ.

ಮರುಪಂದ್ಯ

ಮೂರು ವಾರ ಬಿಟ್ಟು ಅದೇ ತಂಡದ ಜೊತೆ ಮತ್ತೆ ಪಂದ್ಯ, ಅದೇ ಮೈದಾನ ಅಂತ ನಿಗದಿಯಾಗಿತ್ತು. ನಾನು ಹುಡುಗರನ್ನು ಶಾಲೆ ಮೈದಾನದಲ್ಲಿ ಸೇರಿಸಿದೆ. ಪ್ಲಾಸ್ಟಿಕ್ ಕೋನ್ ಇರಲಿಲ್ಲ, ಎಲ್ಲರ ಚಪ್ಪಲಿ ಬಿಡಿಸಿ ರಿಂಗ್ ಮಾಡಿದೆ. ನೇರಕ್ಕೆ 40 ಗಜ, ಪಕ್ಕಕ್ಕೆ 28. ಒಂದೇ ನಿಯಮ: ಬಾಲ್ ಚಪ್ಪಲಿ ದಾಟಿ ಬಿದ್ದರೆ ನಾಲ್ಕು ರನ್, ಬೌಂಡರಿ ದಾಟಿದರೆ ಔಟ್. ಮೊದಲ ದಿನ ನಮ್ಮ ದೊಡ್ಡ ಹೊಡೆತದವನು ಏಳು ಸಲ ಔಟಾದ. ಸಿಟ್ಟಾಗಿ “ಏನ್ ಸಾರ್ ಇದು, ಸಿಕ್ಸ್ ಹೊಡೆದ್ರೆ ಔಟಾ?” ಅಂದ. ನಾಲ್ಕನೇ ದಿನಕ್ಕೆ ಅವನ ಕೈ ಹದಕ್ಕೆ ಬಂತು. ಬ್ಯಾಟ್ ಪೂರ್ತಿ ಬೀಸದೆ, ಬಾಲ್ ಹತ್ತಿರ ಹೋಗಿ, ಮೊಣಕೈ ಎತ್ತರದಲ್ಲೇ ನಿಲ್ಲಿಸುವುದು ಕಲಿತ. ಬಾಲ್ ತೇಲಿಕೊಂಡು ಹೋಗಿ ಚಪ್ಪಲಿಯಿಂದ ಆಚೆ ಬೀಳುತ್ತಿತ್ತು.

ಮಧ್ಯಾಹ್ನ ಮೆತ್ತಗೆ ಆಡಿ ಓಡುವ ಅಭ್ಯಾಸ. ಅದನ್ನು ಯಾರೂ ಇಷ್ಟಪಟ್ಟು ಮಾಡಲಿಲ್ಲ. ಸಿಂಗಲ್ ಓಡುವುದರಲ್ಲಿ ಏನು ಮಜಾ ಇದೆ ಹೇಳಿ.

ಪಂದ್ಯದ ಹಿಂದಿನ ಎರಡು ದಿನ ಜೋರು ಮಳೆ. ಕುಣಿಗಲ್ ರಸ್ತೆಯ ಮೈದಾನ ಕೆರೆ ಆಯಿತು. ಪಂದ್ಯವನ್ನು ತುಮಕೂರು ಊರೊಳಗಿನ ಇನ್ನೊಂದು ಮೈದಾನಕ್ಕೆ ಹಾಕಿದರು. ಬೆಳಿಗ್ಗೆ ಗಡಿಬಿಡಿ. ಟೆಂಪೋ ಲೇಟು, ಟಾಸ್‌ಗೆ ಐದು ನಿಮಿಷ ಇರುವಾಗ ಇಳಿದೆವು. ಅವರು ಮೊದಲು ಆಡಿ 129ಕ್ಕೆ ನಿಂತರು.

ನಮ್ಮ ಪವರ್‌ಪ್ಲೇ ನಿಜಕ್ಕೂ ಬೇರೆ ಆಟ ಆಗಿತ್ತು. ಡಾಟ್ 19ರಿಂದ 13ಕ್ಕೆ ಇಳಿದಿತ್ತು. ಎಡಗೈ ಹುಡುಗ ಮೊದಲ ಎರಡು ಓವರ್‌ನಲ್ಲಿ ಬಾಲ್ ಕಾಲ ಬಳಿ ಬೀಳಿಸಿ ಐದು ಸಲ ಓಡಿದ. ಮೂರನೇ ಓವರ್‌ಗೆ ಅವರ ಕವರ್ ಫೀಲ್ಡರ್ ಒಳಗೆ ಬಂದ. ಅದೇ ಓವರ್‌ನಲ್ಲಿ ಹುಡುಗ ಅವನ ತಲೆ ಮೇಲೆ ಒಂದು ಇಟ್ಟ. ಬೌಂಡರಿ. ಡೇರೆಯಲ್ಲಿ ಇದ್ದವರಿಗೆ ಯಾರೋ ಲೆಕ್ಕ ಬಿಡಿಸಿ ತೋರಿಸಿದ ಹಾಗಿತ್ತು.

ಐದನೇ ಓವರ್. ನಮ್ಮ ದೊಡ್ಡ ಹೊಡೆತದವನು ಸ್ಟ್ರೈಕ್‌ನಲ್ಲಿ. ಹೊರಗಿನ ಇಬ್ಬರು ಡೀಪ್ ಮಿಡ್‌ವಿಕೆಟ್, ಥರ್ಡ್ ಮ್ಯಾನ್, ಹೋದ ಸಲದ ಹಾಗೇ. ಬಾಲ್ ಮುಂದೆ ಬಿತ್ತು. ಅವನು ಹೇಳಿಕೊಟ್ಟ ಹಾಗೇ ಆಡಿದ. ಸಿಕ್ಸ್‌ಗೆ ಹೋಗಲಿಲ್ಲ, ಮೊಣಕೈ ಎತ್ತರದಲ್ಲಿ ಬ್ಯಾಟ್ ನಿಲ್ಲಿಸಿ ಮಿಡ್ ಆಫ್ ತಲೆ ಮೇಲೆ ಹೋಗಲಿ ಅಂತ ಚಿಪ್ ಮಾಡಿದ. ನೋಡಲು ಬಹಳ ಚೆನ್ನಾಗಿತ್ತು. ಬಾಲ್ 45 ಗಜ ಹೋಗಿರಬಹುದು. ಮಿಡ್ ಆಫ್ ನಾಲ್ಕು ಹೆಜ್ಜೆ ಮುಂದೆ ಓಡಿ ಬಂದು ಎದೆ ಮಟ್ಟದಲ್ಲಿ ಹಿಡಿದ.

ಆಗ ನೆನಪಾಯಿತು. ಈ ಮೈದಾನದಲ್ಲಿ ರಿಂಗ್ ಸರಿಯಾಗಿದೆ. ಮಿಡ್ ಆಫ್ 50 ಗಜದಲ್ಲಿ ನಿಂತಿದ್ದಾನೆ. ನಾನು ಹುಡುಗರಿಗೆ ಕಲಿಸಿದ್ದು ತಾತನ ಸರ್ಕಲ್‌ನ ಅಳತೆ. ಮೈದಾನ ಬದಲಾಗಿದೆ ಅಂತ ಗೊತ್ತಾದ ಮೇಲೆ ಒಂದು ಮಾತು ಹೇಳಬೇಕಿತ್ತು: ನೇರಕ್ಕೆ ಚಿಪ್ ಬೇಡ, ಇವತ್ತು ಪಕ್ಕಕ್ಕೆ ಮಾತ್ರ. ಪಕ್ಕಕ್ಕೆ 30 ಗಜ ದಾಟಿಸಿದರೆ ಸಾಕು, ನೇರಕ್ಕೆ 50 ದಾಟಿಸಬೇಕು. ಸರಿಯಾದ ರಿಂಗ್‌ನಲ್ಲಿ ಮೆತ್ತನೆ ಹೊಡೆತಕ್ಕೆ ಜಾಗ ಪಾಯಿಂಟ್, ಕವರ್, ಸ್ಕ್ವೇರ್ ಲೆಗ್ ಮೇಲೆ. ನೇರಕ್ಕೆ ಹೋಗುವುದಾದರೆ ಪೂರ್ತಿ ಬೀಸಿಯೇ ಹೋಗಬೇಕು.

ದೊಡ್ಡ ಹೊಡೆತದವನು ಡೇರೆಗೆ ಬಂದು ಪ್ಯಾಡ್ ಬಿಚ್ಚದೆ ನನ್ನ ಎದುರು ನಿಂತ.

“ಸಾರ್, ಚಪ್ಪಲಿ ದಾಟ್ತಲ್ವಾ?”

“ದಾಟ್ತು ಕಣೋ. ಚಪ್ಪಲಿ ಇಟ್ಟಿದ್ದು ತಪ್ಪು.”

ಪವರ್‌ಪ್ಲೇ ಮುಗಿದಾಗ 2 ವಿಕೆಟ್‌ಗೆ 41. ನಾಲ್ಕು ಎಸೆತ ಉಳಿದಿರುವಾಗ ಪಂದ್ಯ ಗೆದ್ದೆವು. ಅದಕ್ಕೆ ನಮ್ಮ ಚಿಪ್ ಅಭ್ಯಾಸ ಎಷ್ಟು ಕಾರಣವೋ, ಹದಿನೇಳನೇ ಓವರ್‌ನಲ್ಲಿ ಅವರು ಬಿಟ್ಟ ಎರಡು ಕ್ಯಾಚ್‌ಗಳೂ ಅಷ್ಟೇ ಕಾರಣ.

ಈಗ ಕಿಟ್ ಬ್ಯಾಗ್‌ನಲ್ಲಿ ಪ್ಯಾಡ್ ಜೊತೆ 90 ಅಡಿ ನೈಲಾನ್ ಹಗ್ಗ ಒಂದು ಇದೆ. ಟಾಸ್‌ಗೆ ಮುಂಚೆ ಎಡಗೈ ಹುಡುಗ ಅದರ ಒಂದು ತುದಿ ಹಿಡಿದು ಬೌಲರ್ ಸ್ಟಂಪ್ ಹತ್ತಿರ ನಿಲ್ಲುತ್ತಾನೆ, ದೊಡ್ಡ ಹೊಡೆತದವನು ಇನ್ನೊಂದು ತುದಿ ಹಿಡಿದು ಹಿಂದಕ್ಕೆ ನಡೆಯುತ್ತಾನೆ. ಹಗ್ಗ ಬಿಗಿಯಾದ ಜಾಗದಲ್ಲಿ ಸುಣ್ಣದ ಚುಕ್ಕಿ ಸಿಕ್ಕರೆ ಕೈ ಎತ್ತುತ್ತಾನೆ. ಸಿಗದಿದ್ದರೆ ನನ್ನ ಕಡೆ ತಿರುಗಿ ನಗುತ್ತಾನೆ.